ಸೆರಗು ಹೊರಳಿಸುವ ಆರು ಸೆಕೆಂಡು: ಇಳಕಲ್ ಸೀರೆಯ ಬಂಪರ್ ಜಾಹೀರಾತು, ಒಂದು ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕೈಮಗ್ಗದ ಸೀರೆಗಳನ್ನು ನೇಯಿಸಿ ಮಾರುವ ಒಂದು ಮಧ್ಯಮ ಗಾತ್ರದ ಅಂಗಡಿಯವರು ನಾಗರ ಪಂಚಮಿಗೆ ಮೊದಲು ಯೂಟ್ಯೂಬಿನಲ್ಲಿ ಜಾಹೀರಾತು ಹಾಕಬೇಕೆಂದು ಬಾಗಲಕೋಟೆಯ ನಮ್ಮ ಸಣ್ಣ ಕಚೇರಿಗೆ ಬಂದರು. ಅಂಗಡಿಯನ್ನು ನೋಡಿಕೊಳ್ಳುವವರು ಹಿರಿಯ ಯಜಮಾನರು. ಫೋನಿನ ಮೇಲೆ ಬರುವ ಆರ್ಡರುಗಳನ್ನು ನೋಡಿಕೊಳ್ಳುವವರು ಅವರ ಸೊಸೆ. ಊರಿನ ಗಿರಾಕಿಗಳು ಅಂಗಡಿಗೇ ಬಂದು, ಸೀರೆಯನ್ನು ಮುಟ್ಟಿ, ಬೆಳಕಿಗೆ ಹಿಡಿದು ಕೊಳ್ಳುತ್ತಾರೆ. ಆದರೆ ಹುಬ್ಬಳ್ಳಿ, ಬೆಂಗಳೂರು, ಪುಣೆ, ಸೊಲ್ಲಾಪುರಗಳಲ್ಲಿ ನೆಲೆಸಿದವರು ವಾಟ್ಸ್‌ಆ್ಯಪಿನಲ್ಲಿ ಫೋಟೊ ನೋಡಿ ಕೊಳ್ಳುತ್ತಾರೆ. ಫೋಟೊದಲ್ಲಿ ಕೈಮಗ್ಗದ ಸೀರೆಯೂ ಪವರ್‌ಲೂಮಿನಲ್ಲಿ ನೇಯ್ದ, ಅದೇ ಬಣ್ಣದ, ಅದೇ ದಡಿಯ ಸೀರೆಯೂ ಒಂದೇ ತೆರನಾಗಿ ಕಾಣುತ್ತವೆ. ಎರಡರ ಬೆಲೆಯಲ್ಲಿ ಮಾತ್ರ ಬಹಳ ಅಂತರವಿದೆ. ಹೀಗಾಗಿ ಸೊಸೆಗೆ ದಿನಾಲೂ ಬರುವ ಪ್ರಶ್ನೆ ಒಂದೇ: “ಅಲ್ಲೆ ಅರ್ಧಾ ರೇಟಿಗೆ ಸಿಗತೈತಿ, ನಿಮ್ಮದ್ಯಾಕ ಇಷ್ಟ್ರೀ?”

ಜಾಹೀರಾತಿನಿಂದ ಆಗಬೇಕಾದ ಕೆಲಸ ಈ ಪ್ರಶ್ನೆಯಲ್ಲಿಯೇ ಇತ್ತು. ಆದರೆ ಅಂಗಡಿಯವರು ತಂದುಕೊಟ್ಟ ಬರಹದಲ್ಲಿ ಅದಕ್ಕೆ ಉತ್ತರವಿರಲಿಲ್ಲ. “ಸ್ಕಿಪ್ ಬಟನ್ ಬರೂದ್ರೊಳಗ ಎಲ್ಲಾ ಹೇಳಿ ಮುಗಸ್ರಿ” ಎಂಬುದು ಯಜಮಾನರ ಅಪೇಕ್ಷೆಯಾಗಿತ್ತು, ಅವರು ಬರೆದುಕೊಂಡು ಬಂದ ಸಾಲು ಹೀಗಿತ್ತು:

“ನಾಲ್ಕು ತಲೆಮಾರಿನ ನಂಬಿಕೆ, ಶುದ್ಧ ಕೈಮಗ್ಗದ ಇಳಕಲ್ ಸೀರೆಗಳು, ಪಂಚಮಿ ಹಬ್ಬಕ್ಕೆ ವಿಶೇಷ ರಿಯಾಯಿತಿ, ಇಂದೇ ಭೇಟಿ ನೀಡಿ.”

ಗೋಡೆಯ ಮೇಲೆ ಬರೆಸಲು ಇದರಲ್ಲಿ ತಪ್ಪೇನೂ ಇಲ್ಲ. ಆರು ಸೆಕೆಂಡಿಗೆ ಇದು ಏಕೆ ಹೊಂದುವುದಿಲ್ಲ ಎಂಬುದನ್ನು ತಿಳಿಯಲು ಆ ಆರು ಸೆಕೆಂಡಿನ ನಿಯಮಗಳನ್ನು ಮೊದಲು ನೋಡಬೇಕಾಗುತ್ತದೆ.

ಸ್ಕಿಪ್ ಗುಂಡಿ ಎಲ್ಲಿದೆ, ಎಲ್ಲಿಲ್ಲ

ಬಂಪರ್ ಜಾಹೀರಾತು ಎಂದರೆ ಗೂಗಲ್ 2016ರಲ್ಲಿ ತಂದ, ಹೆಚ್ಚೆಂದರೆ ಆರು ಸೆಕೆಂಡಿನ ಚಿತ್ರ. ಇದಕ್ಕೆ ಸ್ಕಿಪ್ ಗುಂಡಿಯೇ ಇರುವುದಿಲ್ಲ; ನೋಡುಗರು ಪೂರ್ತಿ ಆರು ಸೆಕೆಂಡು ಕಾಯಲೇಬೇಕು. ಸ್ಕಿಪ್ ಗುಂಡಿ ಇರುವುದು ಇನ್ನೊಂದು ಬಗೆಯಲ್ಲಿ: ವಿಡಿಯೊದ ಮೊದಲು ಅಥವಾ ನಡುವೆ ಬರುವ ಉದ್ದನೆಯ ಜಾಹೀರಾತಿನಲ್ಲಿ ಐದು ಸೆಕೆಂಡು ಕಳೆದ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಜಾಹೀರಾತು ಮಾಡಿಸಲು ಬರುವ ನಮ್ಮ ಗಿರಾಕಿಗಳು ಇವೆರಡನ್ನೂ ಒಂದೇ ಎಂದು ಭಾವಿಸಿಯೇ ಬರುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ, ಏಕೆಂದರೆ ಫೋನು ಹಿಡಿದವರಿಗೆ ಎರಡೂ ಅಡ್ಡ ಬರುವ ಜಾಹೀರಾತೇ.

ಹಣ ಕೊಡುವ ಲೆಕ್ಕವೂ ಎರಡರಲ್ಲಿ ಬೇರೆ ಬೇರೆ. ಬಂಪರಿಗೆ ಸಾವಿರ ಬಾರಿ ತೋರಿಸಿದ್ದಕ್ಕೆ ಇಷ್ಟು ಎಂದು ದರ. ನೋಡುಗರು ಗಮನವಿಟ್ಟರೋ, ಆಚೆ ಮುಖ ಮಾಡಿದರೋ, ಹಣ ಹೋಗುತ್ತದೆ. ಸ್ಕಿಪ್ ಮಾಡಬಹುದಾದ ಜಾಹೀರಾತನ್ನು ವೀಕ್ಷಣೆಯ ಲೆಕ್ಕದಲ್ಲಿ ಕೊಂಡರೆ, ಮೂವತ್ತು ಸೆಕೆಂಡು ನೋಡಿದಾಗ, ಅಥವಾ ಅದಕ್ಕಿಂತ ಚಿಕ್ಕದಿದ್ದರೆ ಪೂರ್ತಿ ನೋಡಿದಾಗ, ಇಲ್ಲವೇ ಅದರ ಮೇಲೆ ಒತ್ತಿದಾಗ ಮಾತ್ರ ಹಣ. ಐದನೆಯ ಸೆಕೆಂಡಿಗೇ ದಾಟಿ ಹೋದವರಿಗೆ ಅಂಗಡಿಯವರು ಏನನ್ನೂ ಕೊಡಬೇಕಿಲ್ಲ. ಅಂದರೆ ಮಾತು ಐದು ಸೆಕೆಂಡಿನೊಳಗೆ ಮುಗಿದಿದ್ದರೆ, ದಾಟಿ ಹೋದವರಿಗೂ ಅದು ಪುಕ್ಕಟೆಯಾಗಿ ತಲುಪಿರುತ್ತದೆ.

ಈ ಕಾರಣಕ್ಕೆ ನಾವು ಒಂದೇ ಬರಹವನ್ನು ಎರಡು ಕಡೆಗೆ ಬಳಸುವಂತೆ ಯೋಜಿಸಿದೆವು. ಆರು ಸೆಕೆಂಡಿನ ಬಂಪರ್ ಒಂದು. ಅದರ ಮೊದಲ ಐದು ಸೆಕೆಂಡುಗಳನ್ನೇ ಆರಂಭವಾಗಿ ಹೊಂದಿ, ಆಮೇಲೆ ಮಗ್ಗ, ಬಣ್ಣ, ವಿಳಾಸ ಎಲ್ಲವನ್ನೂ ನಿಧಾನವಾಗಿ ತೋರಿಸುವ ಇಪ್ಪತ್ತು ಸೆಕೆಂಡಿನ ಚಿತ್ರ ಇನ್ನೊಂದು. ಇದರಿಂದ ಬರಹಕ್ಕೆ ಬಂದ ಕಟ್ಟುಪಾಡು ಸ್ಪಷ್ಟವಾಗಿತ್ತು. ಹೇಳಬೇಕಾದ ಮಾತು ಆರನೆಯ ಸೆಕೆಂಡಿಗಲ್ಲ, ಐದನೆಯ ಸೆಕೆಂಡಿನೊಳಗೆ ಮುಗಿಯಬೇಕು. ಕೊನೆಯ ಒಂದು ಸೆಕೆಂಡಿನಲ್ಲಿ ಕೇಳದಿದ್ದರೂ ನಡೆಯುವಂಥದ್ದು ಮಾತ್ರ ಇರಬೇಕು.

ಆ ಐದು ಸೆಕೆಂಡುಗಳೂ ಪೂರ್ತಿಯಾಗಿ ನಮ್ಮವಲ್ಲ. ಯಾರದೋ ಹಾಡನ್ನೋ ಅಡುಗೆಯನ್ನೋ ನೋಡಲು ಬೆರಳು ಒತ್ತಿದವರ ಕಣ್ಣು, ಬಂದದ್ದು ಬೇರೆಯೇ ಎಂದು ತಿಳಿಯುವಷ್ಟರಲ್ಲಿ ಅರ್ಧ ಸೆಕೆಂಡು ಹೋಗಿರುತ್ತದೆ, ನೆಟ್‌ವರ್ಕ್ ದುರ್ಬಲವಿದ್ದ ಕಡೆ ಧ್ವನಿ ಇನ್ನೂ ತಡವಾಗಿ ಹಿಡಿದುಕೊಳ್ಳುತ್ತದೆ. ಮೊದಲ ಅರ್ಧ ಸೆಕೆಂಡಿನಲ್ಲಿ ಮುಖ್ಯವಾದ ಶಬ್ದವನ್ನು ಇಟ್ಟರೆ ಅದು ಕಳೆದುಹೋಯಿತೆಂದೇ ತಿಳಿಯಬೇಕು. ಹೀಗೆ ಕಳೆದು ಉಳಿಯುವುದು, ಮಾತಿಗೆ ಸುಮಾರು ನಾಲ್ಕು ಸೆಕೆಂಡು. ಅವಸರವಿಲ್ಲದೆ ಓದಿದರೆ ಸೆಕೆಂಡಿಗೆ ಐದಾರು ಅಕ್ಷರ ಸ್ಪಷ್ಟವಾಗಿ ಕೇಳುತ್ತದೆ, ಆದ್ದರಿಂದ ನಡುವಿನ ಒಂದು ವಿರಾಮವನ್ನೂ ಸೇರಿಸಿದರೆ ಇಪ್ಪತ್ತರ ಆಸುಪಾಸಿನ ಅಕ್ಷರಗಳಷ್ಟೇ ನಮ್ಮ ಬಂಡವಾಳ. ಯಜಮಾನರ ಸಾಲಿನಲ್ಲಿ ಅಂಗಡಿಯ ಹೆಸರನ್ನು ಬಿಟ್ಟೇ ನಲವತ್ತಕ್ಕೂ ಹೆಚ್ಚು ಅಕ್ಷರಗಳಿದ್ದವು. ಓದಿ ತೋರಿಸಿದಾಗ ಅದು ಬಸ್ ನಿಲ್ದಾಣದ ಘೋಷಣೆಯಂತೆ ಕೇಳಿತು. ಯಜಮಾನರೂ ನಕ್ಕರು.

ಯಾವ ಮಾತು ಉಳಿಯಬೇಕು

ಅಕ್ಷರಗಳನ್ನು ಕಡಿಮೆ ಮಾಡುವುದು ಸುಲಭದ ಕೆಲಸ. ನಾಲ್ಕು ಮಾತುಗಳಲ್ಲಿ ಮೂರನ್ನು ಬಿಡುವುದು ಕಷ್ಟ, ಏಕೆಂದರೆ ಆ ನಾಲ್ಕೂ ಅಂಗಡಿಯವರಿಗೆ ನಿಜವೇ.

ತಲೆಮಾರಿನ ಮಾತನ್ನು ಮೊದಲು ಬಿಟ್ಟೆವು. ಅದು ಸುಳ್ಳೆಂದಲ್ಲ, ಇಳಕಲ್ಲಿನಲ್ಲಿ ಅದೇ ಮಾತನ್ನು ಹೇಳಬಲ್ಲ ಅಂಗಡಿಗಳು ಬಹಳಷ್ಟಿವೆ, ಕೇಳಿದವರಿಗೆ ಬೇರೆ ಯಾವ ಅಂಗಡಿಯ ನೆನಪಾದರೂ ಆಗಬಹುದು. ರಿಯಾಯಿತಿಯ ಮಾತಿಗೆ ಬೇರೊಂದು ಅಡ್ಡಿಯಿತ್ತು. ಯಾವ ಸೀರೆಗೆ, ಎಷ್ಟು, ಯಾವ ದಿನದವರೆಗೆ ಎಂಬ ಷರತ್ತು ಇಲ್ಲದ ರಿಯಾಯಿತಿ ಇರುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಷರತ್ತಿನ ಸಾಲು ಮುಖ್ಯ ಮಾತಿನ ಭಾಷೆಯಲ್ಲೇ ಇರಬೇಕು ಮತ್ತು ಮುಖ್ಯ ಮಾತಿಗೆ ವಿರುದ್ಧವಾಗಿರಬಾರದು. ಆರು ಸೆಕೆಂಡಿನಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಬರೆದ ಷರತ್ತನ್ನು ಫೋನಿನ ಪರದೆಯ ಮೇಲೆ ಯಾರೂ ಓದಲಾರರು. ನಕ್ಷತ್ರದ ಗುರುತು ಬೇಡುವ ಯಾವ ಮಾತೂ ಬಂಪರಿಗೆ ಬಾರದು ಎಂದು ನಾವು ಎಲ್ಲ ಗಿರಾಕಿಗಳಿಗೂ ಹೇಳುತ್ತೇವೆ, ಕೆಲವರಿಗೆ ಇದು ಹಿಡಿಸುವುದಿಲ್ಲ.

ಇಳಕಲ್ ಸೀರೆಗೆ ದೊರೆತಿರುವ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಹೇಳೋಣವೆಂದು ಸೊಸೆ ಸೂಚಿಸಿದರು. ಮಾತು ಗಟ್ಟಿಯಾದದ್ದೇ, ಆದರೆ ಅದನ್ನು ಕಣ್ಣಿಗೆ ತೋರಿಸಲು ಒಂದು ಮುದ್ರೆಯ ಹೊರತು ಬೇರೇನೂ ಇಲ್ಲ, ಆ ಮುದ್ರೆ ಏನೆಂದು ವಿವರಿಸಲು ಇನ್ನೊಂದು ವಾಕ್ಯ ಬೇಕು. ಆರು ಸೆಕೆಂಡಿನಲ್ಲಿ ವಿವರಣೆ ಬೇಡುವ ವಸ್ತುವಿಗಿಂತ ನೋಡಿದ ಕೂಡಲೇ ಕಾಣುವ ವಸ್ತು ಲೇಸು. ಹಾಗೆ ಕಾಣುವಂಥದ್ದು ಸೀರೆಯಲ್ಲೇ ಏನಾದರೂ ಇದೆಯೇ ಎಂದು ಕೇಳಿದಾಗ ಯಜಮಾನರು ಮಾತನಾಡದೆ ಒಂದು ಸೀರೆಯನ್ನು ಬಿಚ್ಚಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗದ ಮೇಲೆ ಹೆಬ್ಬೆರಳನ್ನು ಎಳೆದರು.

ಆ ಜಾಗದಲ್ಲಿ ಇರುವುದು ಕೊಂಡಿ. ಸಾಮಾನ್ಯ ಸೀರೆಯಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಆಗಿ ಹರಿಯುತ್ತವೆ. ಸೆರಗಿನಲ್ಲಿ ಅಡ್ಡಕ್ಕೆ ಹೋಗುವ ಹೊಕ್ಕಿನ ಬಣ್ಣ ಮಾತ್ರ ಬದಲಾಗುತ್ತದೆ. ಸಂಪ್ರದಾಯದ ಇಳಕಲ್ ಸೀರೆಯಲ್ಲಿ ಸೆರಗಿನ ಹಾಸೇ ಬೇರೆ. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಕೆಂಪು ಹಾಸಿನ ಒಂದೊಂದು ಎಳೆಯನ್ನು ಕುಣಿಕೆಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಹಾಸೂ ಕೆಂಪು, ಹೊಕ್ಕೂ ಕೆಂಪು ಆದುದರಿಂದ ಸೆರಗಿನ ಕೆಂಪು ತುಂಬಿಕೊಂಡು ಕಾಣುತ್ತದೆ. ಒಡಲಿನ ಬಣ್ಣ ಅದರೊಳಗೆ ಇಣುಕುವುದಿಲ್ಲ. ಈ ಜೋಡಣೆ ಸೀರೆ ಸೀರೆಗೂ ಹೊಸದಾಗಿ ಆಗಬೇಕಾದ್ದರಿಂದ ಹತ್ತಾರು ಸೀರೆಗಳ ಹಾಸನ್ನು ಒಟ್ಟಿಗೆ ಹೂಡಿ ನೇಯುತ್ತ ಹೋಗುವಂತಿಲ್ಲ. ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಬೆಲೆಯ ಅಂತರಕ್ಕೆ ಇರುವ ಕಾರಣಗಳಲ್ಲಿ ಕಣ್ಣಿಗೆ ಕಾಣುವ ಕಾರಣ ಇದೇ, ಸೊಸೆಗೆ ದಿನಾಲೂ ಬರುವ ಪ್ರಶ್ನೆಗೆ ಉತ್ತರವೂ ಇದೇ.

ಆದರೆ ಈ ಮಾತನ್ನು ಎಷ್ಟರ ಮಟ್ಟಿಗೆ ಹೇಳಬಹುದು ಎಂಬುದನ್ನು ಕೇಳಿಯೇ ನಿರ್ಧರಿಸಬೇಕಿತ್ತು. ನಮ್ಮ ಕಚೇರಿಯ ಹುಡುಗನೊಬ್ಬ ಉತ್ಸಾಹದಿಂದ “ಕೊಂಡಿ ಇಲ್ಲದ್ದು ಕೈಮಗ್ಗವೇ ಅಲ್ಲ” ಎಂದು ಬರೆದಿದ್ದ. ಚೆನ್ನಾಗಿ ಕೇಳುವ ಸಾಲು. ಅಂಗಡಿಗೆ ನೇಯ್ದು ಕೊಡುವ ಹಿರಿಯ ನೇಕಾರರೊಬ್ಬರಿಗೆ ಓದಿ ತೋರಿಸಿದಾಗ ಅವರು ಒಪ್ಪಲಿಲ್ಲ. “ಹಂಗನ್ನಬ್ಯಾಡ್ರಿ ಸರ್. ಕೊಂಡಿ ಹಾಕಲಾರದ ಕೈಮಗ್ಗದ ಮ್ಯಾಲ ನೇಯಾವ್ರೂ ನಮ್ಮ ಓಣ್ಯಾಗ ಅದಾರ. ಅವರ ಹೊಟ್ಟಿ ಮ್ಯಾಲ ಯಾಕ ಹೊಡಿತೀರಿ?” ಎಂದರು. ಸಾಲು ಅಲ್ಲಿಗೇ ಬಿದ್ದಿತು. ಜಾಹೀರಾತು ಹೇಳಬಹುದಾದದ್ದು ಇಷ್ಟೇ: ನಮ್ಮ ಸೀರೆಯಲ್ಲಿ ಕೊಂಡಿ ಇದೆ, ನೋಡಿ ಕೊಳ್ಳಿರಿ. ಇತರರ ಸೀರೆಯ ಬಗ್ಗೆ ಅದು ಏನನ್ನೂ ಹೇಳುವಂತಿಲ್ಲ. ಚಿಕ್ಕ ಬರಹದಲ್ಲಿ ಇಂಥ ಅಪಾಯ ಹೆಚ್ಚು, ಏಕೆಂದರೆ “ಸಾಮಾನ್ಯವಾಗಿ”, “ಬಹುಮಟ್ಟಿಗೆ” ಎಂಬ ಮಾತುಗಳಿಗೆ ಜಾಗವಿಲ್ಲದೆ ವಾಕ್ಯವು ತಾನಾಗಿಯೇ ಅತಿಯ ಕಡೆಗೆ ವಾಲುತ್ತದೆ.

ಬರಹ

ಒಂದೇ ಮಾತು ಎಂದು ತೀರ್ಮಾನವಾದ ಮೇಲೆ ಬಂದ ಮೊದಲ ಕರಡು ಇದು:

“ಕೊಂಡಿ ಹಾಕಿ ನೇಯ್ದ ಸೆರಗು ಎರಡೂ ಬದಿ ಒಂದೇ ಕೆಂಪಾಗಿ ಕಾಣುತ್ತದೆ.”

ಅಕ್ಷರಗಳ ಲೆಕ್ಕಕ್ಕೆ ಇದು ಹತ್ತಿರ ಬಂದಿತ್ತು. ಮಾತೂ ಒಂದೇ. ಆದರೂ ಇದರಲ್ಲಿ ಮೂರು ದೋಷಗಳಿದ್ದವು, ಮೂರೂ ಬಂಪರ್ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವಂಥವು. ಮೊದಲನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮತ್ತು ಹೊರಗಿನವರಿಗೆ ಹೊಸದಾದ “ಕೊಂಡಿ” ಎಂಬ ಶಬ್ದ ಮೊಟ್ಟಮೊದಲಿಗೆ, ಅಂದರೆ ಕಿವಿ ಇನ್ನೂ ಸಿದ್ಧವಾಗಿರದ ಅರ್ಧ ಸೆಕೆಂಡಿನಲ್ಲಿ ಬೀಳುತ್ತಿತ್ತು. ಎರಡನೆಯದಾಗಿ, ಚಿತ್ರ ತೋರಿಸುತ್ತಿದ್ದುದನ್ನೇ ಧ್ವನಿಯೂ ಹೇಳುತ್ತಿತ್ತು. ಸೆರಗು ಕೆಂಪಾಗಿ ಕಾಣುತ್ತಿರುವಾಗ ಕೆಂಪಾಗಿ ಕಾಣುತ್ತದೆ ಎಂದು ಹೇಳುವುದಕ್ಕೆ ಅಷ್ಟು ಅಕ್ಷರಗಳನ್ನು ಸುರಿಯುವಂತಿಲ್ಲ. ಮೂರನೆಯದಾಗಿ, ಕೇಳಿದವರು ಮಾಡಬೇಕಾದದ್ದು ಏನೂ ಇರಲಿಲ್ಲ. ಅದು ಒಂದು ಮಾಹಿತಿ ಅಷ್ಟೇ, ಗಿರಾಕಿಯ ಕೈಗೆ ಅದರಿಂದ ಏನೂ ಬರುವುದಿಲ್ಲ.

ಮೂರನೆಯ ದೋಷವೇ ದಾರಿಯನ್ನು ತೋರಿಸಿತು. ಯಜಮಾನರು ಮಾತನಾಡದೆ ಮಾಡಿದ್ದನ್ನೇ ನೋಡುಗರಿಗೂ ಮಾಡಲು ಹೇಳಿದರೆ ಸಾಕು. ಮನೆಯಲ್ಲಿರುವ ಸೀರೆಯನ್ನಾದರೂ, ಬೇರೆ ಅಂಗಡಿಯಲ್ಲಿ ಹಿಡಿದ ಸೀರೆಯನ್ನಾದರೂ ಅವರು ಹೊರಳಿಸಿ ನೋಡಿದರೆ ಜಾಹೀರಾತಿನ ಕೆಲಸ ಆದಂತೆ. ಭಾಷೆಯ ಬಗ್ಗೆಯೂ ಅಲ್ಲೇ ತೀರ್ಮಾನವಾಯಿತು. ಗ್ರಾಂಥಿಕ ರೂಪದ “ಹೊರಳಿಸಿ ನೋಡಿ ಖರೀದಿಸಿರಿ” ಎನ್ನುವುದಕ್ಕಿಂತ ಈ ಭಾಗದ ಅಂಗಡಿಯಲ್ಲಿ ಆಡುವ ಮಾತು ಚಿಕ್ಕದು, ದೂರದ ಊರಿನಲ್ಲಿರುವ ಇಲ್ಲಿಯವರ ಕಿವಿಗೆ ಅದು ಕೂಡಲೇ ತಾಗುತ್ತದೆ. ಕೊನೆಗೆ ಉಳಿದ ಬರಹ:

“ಇಳಕಲ್ ಸೀರಿ ಸೆರಗ ಹೊರಳಿಸ್ರಿ. ಕೊಂಡಿ ನೋಡಿ ತಗೋರಿ.”

ಉಚ್ಚರಿಸಿದಾಗ ಹತ್ತೊಂಬತ್ತು ಅಕ್ಷರ. ಮೊದಲ ಅರ್ಧ ಸೆಕೆಂಡು ಮಾತಿಲ್ಲ, ಮಗ್ಗದ ಸದ್ದು ಮಾತ್ರ; ಆ ಹೊತ್ತಿಗೆ ಮಡಿಸಿದ ಸೀರೆಯ ಮೇಲೆ ಒಂದು ಕೈ ಬರುತ್ತದೆ. ಆಮೇಲೆ ಮೊದಲ ವಾಕ್ಯ, ಸುಮಾರು ಎರಡೂಕಾಲು ಸೆಕೆಂಡು. “ಹೊರಳಿಸ್ರಿ” ಎನ್ನುವಷ್ಟರಲ್ಲಿ ಕೈ ಸೆರಗನ್ನು ಹೊರಳಿಸಿರುತ್ತದೆ. ಅಲ್ಲಿ ಅರ್ಧ ಸೆಕೆಂಡಿನಷ್ಟು ವಿರಾಮ. ಈ ವಿರಾಮವನ್ನು ಕತ್ತರಿಸಿ ಅಲ್ಲೂ ಏನಾದರೂ ಹೇಳಬಹುದೆಂಬ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಹೆಬ್ಬೆರಳು ಕೊಂಡಿಯ ಗೆರೆಯ ಮೇಲೆ ಸರಿಯುವುದನ್ನು ಕಣ್ಣು ಹಿಡಿಯುವುದು ಆ ವಿರಾಮದಲ್ಲೇ. ಅದರ ಬೆನ್ನಿಗೆ “ಕೊಂಡಿ” ಎಂಬ ಶಬ್ದ ಬಿದ್ದಾಗ, ಅದನ್ನು ಹಿಂದೆಂದೂ ಕೇಳದವರಿಗೂ ಆ ಗೆರೆಯ ಹೆಸರೇ ಅದು ಎಂದು ವಿವರಣೆಯಿಲ್ಲದೆ ತಿಳಿಯುತ್ತದೆ. ನಾಲ್ಕೂವರೆ ಸೆಕೆಂಡಿಗೆ ಮಾತು ಮುಗಿದಿರುತ್ತದೆ. ಉಳಿದ ಒಂದೂವರೆ ಸೆಕೆಂಡು ಅಂಗಡಿಯ ಹೆಸರಿಗೆ.

ಅಂಗಡಿಯ ಹೆಸರನ್ನು ಧ್ವನಿಯಲ್ಲಿ ಹೇಳಿಸಲಿಲ್ಲ ಎಂಬುದಕ್ಕೆ ಯಜಮಾನರಿಗೆ ಬೇಸರವಾಯಿತು. ಅವರ ಆಕ್ಷೇಪಣೆಯಲ್ಲಿ ಹುರುಳಿತ್ತು: ಹೆಸರು ಕೊನೆಗೆ ಮಾತ್ರ ಬಂದರೆ, ಉದ್ದನೆಯ ಚಿತ್ರದಲ್ಲಿ ಐದನೆಯ ಸೆಕೆಂಡಿಗೆ ದಾಟಿ ಹೋದವರಿಗೆ ಅದು ಅಂಚಿನಲ್ಲಷ್ಟೇ ಕಾಣುತ್ತದೆ, ನೆನಪಿನಲ್ಲಿ ಉಳಿಯುವುದಿಲ್ಲ. ಆದರೆ ಹೆಸರಿಗೆ ಅಕ್ಷರಗಳನ್ನು ಕೊಟ್ಟರೆ ಮಾತು ಅವಸರಕ್ಕೆ ಬೀಳುತ್ತದೆ. ಕೊನೆಗೆ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿರುವ ಅವರದೇ ರಟ್ಟಿನ ಡಬ್ಬಿಯನ್ನು ಸೀರೆಯ ಪಕ್ಕದಲ್ಲಿ, ಚೌಕಟ್ಟಿನ ಎಡ ಮೇಲ್ಭಾಗಕ್ಕೆ ಬರುವಂತೆ ಇಟ್ಟೆವು. ಮೊದಲ ಚೌಕಟ್ಟಿನಿಂದ ಕೊನೆಯವರೆಗೂ ಹೆಸರು ಅಲ್ಲೇ ಇರುತ್ತದೆ, ಒಂದು ಅಕ್ಷರವೂ ಖರ್ಚಾಗದೆ. ಮೇಲ್ಭಾಗವೇ ಏಕೆಂದರೆ, ಕೆಳಗಿನ ಬಲ ಮೂಲೆಯಲ್ಲಿ ಸ್ಕಿಪ್ ಗುಂಡಿಯೂ ಎಡ ಮೂಲೆಯಲ್ಲಿ ಜಾಹೀರಾತುದಾರರ ಲಿಂಕಿನ ಪಟ್ಟಿಯೂ ಬಂದು ಕೂರುತ್ತವೆ; ಅಲ್ಲಿ ಬರೆದದ್ದು ಅವುಗಳ ಅಡಿಗೆ ಹೋಗುತ್ತದೆ.

ಪರದೆಯ ಮೇಲಿನ ಬರಹವಾಗಿ “ಕೊಂಡಿ ನೋಡಿ ತಗೋರಿ” ಎಂಬ ಮೂರು ಶಬ್ದಗಳನ್ನು ಮಾತ್ರ ಇಟ್ಟೆವು. ಧ್ವನಿಯನ್ನು ಬಂದ್ ಮಾಡಿ ನೋಡುವವರಿಗೆ ಇಷ್ಟಾದರೂ ದಕ್ಕಬೇಕು. ಫೋನನ್ನು ಉದ್ದಕ್ಕೆ ಹಿಡಿದಾಗ ವಿಡಿಯೊ ಅಂಗೈಯಷ್ಟೂ ಇರುವುದಿಲ್ಲ, ಆ ಅಳತೆಯಲ್ಲಿ ಒತ್ತಕ್ಷರಗಳು ಮೊದಲು ಕೂಡಿಕೊಂಡು ಮಸಕಾಗುತ್ತವೆ. ಈ ಮೂರು ಶಬ್ದಗಳಲ್ಲಿ ಒತ್ತಕ್ಷರವೇ ಇಲ್ಲದಿದ್ದುದು ಅನುಕೂಲವಾಯಿತು.

ಚಿತ್ರೀಕರಣದಲ್ಲಿ ಎದುರಾದದ್ದು

ಬಹಳ ಮಾರಾಟವಾಗುವುದು ದಾಳಿಂಬೆ ಬಣ್ಣದ ಸೀರೆ, ಅದನ್ನೇ ತೋರಿಸಬೇಕೆಂದು ಅಂಗಡಿಯವರು ಬಯಸಿದ್ದು ಸಹಜ. ಪರೀಕ್ಷೆಗೆಂದು ಅದನ್ನು ಚಿತ್ರಿಸಿ ಫೋನಿನಲ್ಲಿ ನೋಡಿದಾಗ ಕೊಂಡಿಯೇ ಮಾಯವಾಗಿತ್ತು. ಕೆಂಪಿನ ಪಕ್ಕ ಕೆಂಪು ಬಂದಾಗ, ಅದರಲ್ಲೂ ಫೋನಿನ ಪರದೆಗಳು ಕೆಂಪನ್ನು ಇನ್ನಷ್ಟು ಗಾಢ ಮಾಡುವುದರಿಂದ, ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಆರಂಭವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಗಿಳಿ ಹಸಿರಿನ ಒಡಲನ್ನು ಆರಿಸಿಕೊಂಡ ಮೇಲೆ ಗೆರೆ ಎದ್ದು ಕಂಡಿತು. ಬೆಳಕನ್ನೂ ಎದುರಿನಿಂದ ಬಿಡದೆ ಪಕ್ಕದಿಂದ, ಬಟ್ಟೆಯ ಮೇಲ್ಮೈಗೆ ಸವರಿಕೊಂಡು ಹೋಗುವಂತೆ ಬಿಟ್ಟಾಗ ಕೊಂಡಿಯ ಸಣ್ಣ ಉಬ್ಬುಗಳಿಗೆ ನೆರಳು ಬಂದು ಅವು ಸಾಲಾಗಿ ನಿಂತವು. ಹೆಬ್ಬೆರಳಿನ ಉಗುರು ಆ ಸಾಲಿನ ಮೇಲೆ ಸರಿಯುವಾಗ ಅದರ ಕಿರುಸದ್ದೂ ಮೈಕಿನಲ್ಲಿ ಹಿಡಿದಿತ್ತು. ಅದನ್ನು ವಿರಾಮದಲ್ಲಿ ಉಳಿಸಿಕೊಂಡೆವು. ನಮ್ಮ ಬರಹಕ್ಕೆ ಹೊರಗಿನಿಂದ ಬಂದ ಏಕೈಕ ಸೇರ್ಪಡೆ ಅದು, ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದೂ ಅದೇ.

ಸಂಗೀತ ಹಾಕಲಿಲ್ಲ. ಆರು ಸೆಕೆಂಡಿನಲ್ಲಿ ರಾಗವೊಂದು ಶುರುವಾಗಿ ಕತ್ತರಿಸಿಹೋದಾಗ ಚಿತ್ರವೇ ಅರ್ಧಕ್ಕೆ ನಿಂತಂತೆ ಅನ್ನಿಸುತ್ತದೆ.

ಸಂಕಲನದಲ್ಲಿ ಒಂದು ತಾಂತ್ರಿಕ ಎಚ್ಚರಿಕೆ ಬೇಕು. ಸೆಕೆಂಡಿಗೆ 25 ಚೌಕಟ್ಟಿನಂತೆ ಆರು ಸೆಕೆಂಡಿಗೆ 150 ಚೌಕಟ್ಟು. ಚಿತ್ರ ಸರಿಯಾಗಿ 150ಕ್ಕೆ ನಿಂತಿದ್ದರೂ ಧ್ವನಿಯ ಪಟ್ಟಿ ಅದರಾಚೆಗೆ ಒಂದೆರಡು ಚೌಕಟ್ಟು ಚಾಚಿಕೊಂಡಿದ್ದರೆ ಒಟ್ಟು ಫೈಲು ಆರು ಸೆಕೆಂಡನ್ನು ಮೀರುತ್ತದೆ, ಆಗ ಅದನ್ನು ಬಂಪರ್ ಆಗಿ ಆಯ್ದುಕೊಳ್ಳಲು ಆಗುವುದಿಲ್ಲ. ಈ ತೊಂದರೆ ಬಾರದಿರಲೆಂದು ನಾವು ಚಿತ್ರವನ್ನೂ ಧ್ವನಿಯನ್ನೂ 148ನೆಯ ಚೌಕಟ್ಟಿಗೇ ನಿಲ್ಲಿಸುತ್ತೇವೆ.

ಮಾತು ತಲುಪಿದೆ ಎಂದು ತಿಳಿಯುವುದು ಹೇಗೆ

ಬಂಪರಿನ ವಿಷಯದಲ್ಲಿ ಡ್ಯಾಶ್‌ಬೋರ್ಡಿನ ಅಂಕಿಗಳು ಬಹಳ ಸಮಾಧಾನ ಕೊಡುತ್ತವೆ, ಬಹಳ ಕಡಿಮೆ ಹೇಳುತ್ತವೆ. ಪೂರ್ತಿ ನೋಡಿದವರ ಪ್ರಮಾಣ ಯಾವಾಗಲೂ ಮೇಲೆಯೇ ಇರುತ್ತದೆ, ಏಕೆಂದರೆ ನೋಡದೆ ಹೋಗಲು ದಾರಿಯೇ ಇಲ್ಲ. ಅದನ್ನು ತೋರಿಸಿ ಜಾಹೀರಾತು ಗೆದ್ದಿತೆಂದು ಗಿರಾಕಿಗೆ ಹೇಳುವವರಿದ್ದಾರೆ. ಅದು ಬಾಗಿಲು ಹಾಕಿದ ಕೋಣೆಯಲ್ಲಿ ಭಾಷಣ ಮಾಡಿ ಯಾರೂ ಎದ್ದು ಹೋಗಲಿಲ್ಲ ಎಂದಂತೆ. ಜಾಹೀರಾತು ನೆನಪಿದೆಯೇ ಎಂದು ನೋಡುಗರನ್ನೇ ಕೇಳುವ ಸಮೀಕ್ಷೆಯ ಸೌಲಭ್ಯ ಗೂಗಲ್‌ನಲ್ಲಿದೆ, ಆದರೆ ಅದಕ್ಕೆ ಬೇಕಾಗುವ ಖರ್ಚು ಇಂಥ ಅಂಗಡಿಗಳ ಅಳತೆಯನ್ನು ಮೀರಿದ್ದು.

ಆದ್ದರಿಂದ ಪ್ರಸಾರಕ್ಕೆ ಮೊದಲೇ ಒಂದು ಸರಳ ಪರೀಕ್ಷೆ ಮಾಡುತ್ತೇವೆ. ಜಾಹೀರಾತನ್ನು ಬೇರೆ ಯಾವುದಾದರೂ ವಿಡಿಯೊದ ಮುಂದೆ ಅಂಟಿಸಿ, ಜಾಹೀರಾತಿನ ವಿಷಯವನ್ನೇ ಎತ್ತದೆ, ಆ ವಿಡಿಯೊವನ್ನು ನೋಡಲು ಕೊಡುತ್ತೇವೆ. ಅದರ ಬಗ್ಗೆ ಹತ್ತು ನಿಮಿಷ ಮಾತನಾಡಿದ ಮೇಲೆ, ಮೊದಲಿಗೆ ಬಂದ ಜಾಹೀರಾತು ಏನು ಹೇಳಿತು ಎಂದು ಕೇಳುತ್ತೇವೆ. ಇಲ್ಲಿ ಪ್ರಶ್ನೆ “ಹೆಂಗಿತ್ತು?” ಎಂದಾಗಬಾರದು, ಹಾಗೆ ಕೇಳಿದರೆ ಎಲ್ಲರೂ ಚಲೋ ಇತ್ತು ಎಂದೇ ಹೇಳುತ್ತಾರೆ. ಯಜಮಾನರ ಹಿಂದಿನ ಸಾಲನ್ನು ಕೇಳಿದವರು “ಸೀರಿ ಅಂಗಡೀದು ಏನೋ ಬಂತು, ಸೇಲ್ ಇರಬೇಕು” ಎಂದರು. ಹೊಸದನ್ನು ಕೇಳಿದವರಲ್ಲಿ ಹೆಚ್ಚಿನವರಿಗೆ ಕೊಂಡಿ ಎಂಬ ಹೆಸರು ಕೂಡಲೇ ಬಾರದಿದ್ದರೂ ಕೈ ತಾನಾಗಿಯೇ ಹೊರಳಿಸುವಂತೆ ತಿರುಗಿತು. “ಸೆರಗಿನ ಹತ್ತರ ಗೆರಿ ನೋಡ್ಬೇಕಂತ” ಎಂದರು. ಮಾತು ತಲುಪಿದ್ದಕ್ಕೆ ಅಷ್ಟು ಸಾಕು. ಅಂಗಡಿಯ ಹೆಸರನ್ನು ನೆನಪಿಟ್ಟವರು ಮಾತ್ರ ಕಡಿಮೆ. ಒಂದೇ ಸಲ ನೋಡಿದಾಗ ಹೀಗೇ ಆಗುತ್ತದೆ. ಬಂಪರ್ ಇರುವುದೇ ಹಲವು ಸಲ ಕಾಣಿಸಿಕೊಳ್ಳುವುದಕ್ಕೆ. ಆದರೆ ಒಬ್ಬರಿಗೇ ದಿನಕ್ಕೆ ಹತ್ತು ಬಾರಿ ಬಂದರೆ ಸಿಟ್ಟು ಬರುತ್ತದೆ, ಆದುದರಿಂದ ಒಬ್ಬ ನೋಡುಗರಿಗೆ ವಾರದಲ್ಲಿ ಎಷ್ಟು ಬಾರಿ ಎಂಬ ಮಿತಿಯನ್ನು ಸೆಟ್ಟಿಂಗಿನಲ್ಲೇ ಹಾಕಿದೆವು.

ಪ್ರಸಾರದ ಪ್ರದೇಶ ಮತ್ತು ಭಾಷೆಯ ಆಯ್ಕೆಯಲ್ಲಿ ಒಂದು ಮಾತು ಹೇಳಲೇಬೇಕು. ಭಾಷೆ ಕನ್ನಡ ಎಂದು ಮಾತ್ರ ಆರಿಸಿದರೆ, ಫೋನನ್ನು ಇಂಗ್ಲಿಷಿನಲ್ಲಿಟ್ಟುಕೊಂಡ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಕೈಬಿಟ್ಟು ಹೋಗುತ್ತಾರೆ. ಊರುಗಳನ್ನು ಬಿಗಿಯಾಗಿ ಆರಿಸಿ, ಭಾಷೆಯನ್ನು ಸಡಿಲವಾಗಿ ಬಿಟ್ಟೆವು. ಸೊಲ್ಲಾಪುರ, ಪುಣೆಗಳಿಗೆ ಮರಾಠಿಯ ಧ್ವನಿ ಹಾಕಿದ ಪ್ರತಿಯನ್ನು ಬೇರೆಯಾಗಿ ಕಳಿಸಿದೆವು. ಚಿತ್ರ ಅದೇ, ಹೆಬ್ಬೆರಳಿನ ವಿರಾಮವೂ ಅದೇ.

ಪ್ರಸಾರವಾದ ಮೇಲೆ ನಮಗೆ ಸಿಕ್ಕ ನಿಜವಾದ ಗುರುತು ಸೊಸೆಯ ಫೋನಿನಲ್ಲಿತ್ತು. ಬೆಲೆ ಏಕೆ ಹೆಚ್ಚು ಎಂಬ ಪ್ರಶ್ನೆ ನಿಂತುಹೋಗಲಿಲ್ಲ, ಆದರೆ ಅದರ ಜೊತೆಗೆ “ಕೊಂಡೀ ಫೋಟೊ ಕಳಸ್ರಿ” ಎಂಬ ಹೊಸ ಸಂದೇಶ ಬರತೊಡಗಿತು. ಇದು ಮಾರಾಟ ಎಷ್ಟು ಹೆಚ್ಚಿತು ಎಂಬುದಕ್ಕೆ ಉತ್ತರವಲ್ಲ. ಹಬ್ಬದ ಕಾಲದಲ್ಲಿ ಜಾಹೀರಾತಿಲ್ಲದೆಯೂ ಮಾರಾಟ ಏರುತ್ತದೆ, ಎರಡನ್ನೂ ಬೇರ್ಪಡಿಸುವ ಸಾಧನ ನಮ್ಮ ಬಳಿ ಇರಲಿಲ್ಲ. ಗಿರಾಕಿ ಬಳಸುವ ಮಾತು ಬದಲಾದುದು ಮಾತ್ರ ಜಾಹೀರಾತಿನಿಂದಲೇ ಎಂದು ಹೇಳಬಹುದು, ಏಕೆಂದರೆ ಅದಕ್ಕೆ ಮೊದಲು ದೂರದ ಊರಿನಿಂದ ಆ ಮಾತು ಬಂದಿದ್ದು ಸೊಸೆಗೆ ನೆನಪಿಲ್ಲ.

ಈ ಜಾಹೀರಾತಿನಿಂದ ಅಂಗಡಿಗೆ ಒಂದು ಹೊಸ ಕೆಲಸವೂ ಹುಟ್ಟಿಕೊಂಡಿತ್ತು. ಅವರಲ್ಲಿ ಕಡಿಮೆ ಬೆಲೆಯ, ಕೊಂಡಿ ಇಲ್ಲದ ಸೀರೆಗಳೂ ಇದ್ದವು, ಒಂದೇ ಕಪಾಟಿನಲ್ಲಿ ಎರಡೂ ಬೆರೆತಿದ್ದವು. ಜಾಹೀರಾತು ನೋಡಿ ಬಂದವರು ಸೆರಗು ಹೊರಳಿಸಿದಾಗ ಗೆರೆ ಕಾಣದಿದ್ದರೆ ಅಂಗಡಿಯ ಮಾತೇ ಅಂಗಡಿಗೆ ತಿರುಗುಬಾಣವಾಗುತ್ತಿತ್ತು. ಪ್ರಸಾರ ಆರಂಭವಾಗುವ ಮೊದಲು ಕಪಾಟುಗಳನ್ನು ಬೇರೆ ಮಾಡಿ, ವಾಟ್ಸ್‌ಆ್ಯಪಿನ ಪ್ರತಿ ಫೋಟೊದ ಕೆಳಗೆ ಕೊಂಡಿ ಇದೆ ಅಥವಾ ಇಲ್ಲ ಎಂದು ಬರೆಯುವ ಪದ್ಧತಿಯನ್ನು ಸೊಸೆ ಶುರು ಮಾಡಿದರು. ಕೊಂಡಿ ಹಾಕಿದ ಸೀರೆಗಳ ಸಂಗ್ರಹ ತೀರುತ್ತ ಬಂದಾಗ, ಹಬ್ಬಕ್ಕೆ ಇನ್ನೂ ದಿನಗಳಿದ್ದರೂ, ಬಂಪರನ್ನು ನಿಲ್ಲಿಸಲು ಹೇಳಿದವರೂ ಅವರೇ. ನೇಕಾರರು ಹೊಸ ಹಾಸು ಹೂಡಿ ಸೀರೆ ಇಳಿಸುವವರೆಗೆ ಅದನ್ನು ಮತ್ತೆ ಹಾಕಲಿಲ್ಲ.